ಬೀಳಗಿ ಮಾಮಾನ ಪಾರ್ಕಿಂಗ್ ಡ್ಯೂಟಿ

ಜಮಖಂಡಿ ಸೀಮೆಯಲ್ಲಿ ಹಿಂದೆ ಲಗ್ನಗಳು ಯಾರೂ ಏನೂ ಬರೆಯದೆ ನಡೆದುಹೋಗುತ್ತಿದ್ದವು. ಹಂದರ ಹಾಕುವ ದಿನ ಅಣ್ಣತಮ್ಮಕಿಯ ಗಂಡಸರು ತಾವಾಗಿಯೇ ಬಂದು ಗಳ ಹೊರುತ್ತಿದ್ದರು. ಓಣಿಯ ಹೆಂಗಸರು ರೊಟ್ಟಿ ಬಡಿಯಲು ಕೂಡ್ರುತ್ತಿದ್ದರು. ಬಡಿಸುವ ಹುಡುಗರಿಗೆ ಪ್ರತಿ ಓಣಿಯಲ್ಲೂ ಒಬ್ಬ ಕಾಯಂ ಮುಖಂಡ ಇರುತ್ತಿದ್ದ. ಅವನಿಗೆ ಮೀಸೆ ಬಂದದ್ದೇ ಹುಗ್ಗಿ ಬಕೀಟು ಹಿಡಿದುಕೊಂಡು. ಈಗ ಅರ್ಧ ಮಂದಿ ಪುಣೆ, ಬೆಂಗಳೂರು, ಹುಬ್ಬಳ್ಳಿಯಲ್ಲಿದ್ದಾರೆ. ಲಗ್ನದ ಹಿಂದಿನ ರಾತ್ರಿ ಬಸ್ಸಿಳಿದು, ಬ್ಯಾಗು ಹೆಗಲಲ್ಲಿರುವಾಗಲೇ "ನಾ ಏನ್ ಮಾಡ್ಲಿ?" ಎಂದು ಕೇಳುತ್ತಾರೆ. ಕೇಳಿದ ಮೇಲೆ ಹೇಳಬೇಕಲ್ಲ. ಹಾಗಾಗಿ ಯಾರು, ಎಲ್ಲಿ, ಎಷ್ಟು ಗಂಟೆಗೆ ಎಂದು ವಾಟ್ಸಾಪಿನಲ್ಲಿ ಒಂದು ಸಂದೇಶ ಹೋಗಬೇಕು. ಹೋಗಲೇಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ. ಅದನ್ನು ನಾನು ಬರೆಯಬಾರದಿತ್ತು, ಅಷ್ಟೇ.

ಅಣ್ಣನ ಮಗಳ ಲಗ್ನ ಕಾರ್ತಿಕದ ತುಳಸಿ ಲಗ್ನ ಮುಗಿದ ಮೇಲೆ, ನವೆಂಬರಿನ ಕೊನೆಯಲ್ಲಿ ನಿಕ್ಕಿಯಾಗಿತ್ತು. ಜಮಖಂಡಿಯ ಒಂದು ಮಂಗಲ ಕಾರ್ಯಾಲಯ, ಒಂಬೈನೂರು ಮಂದಿಯ ಊಟ, ಮುಧೋಳದ ಕಡೆಯ ಬೀಗರು, ಮಧ್ಯಾಹ್ನ 12.25ಕ್ಕೆ ಅಕ್ಕಿಕಾಳು. ಕೆಲಸ ಹಂಚುವ ಮಾತು ಬಂದಾಗ ಅಣ್ಣ ನನ್ನ ಕಡೆ ಕೈ ತೋರಿಸಿ, "ಇಂವ ಕಚೇರಿಯೊಳಗ ಇದನ್ನ ಮಾಡಕೋಂತ ಬಂದಾನ, ಇಂವಾ ಬರೀಲಿ" ಅಂದ. ವರ್ಷಾನುಗಟ್ಟಲೆ ಸುತ್ತೋಲೆ ಬರೆದು ಬರೆದು ಬೆರಳು ಸವೆಸಿದ ಗುಮಾಸ್ತನಿಗೆ ಮನೆಯವರು ಕೊಟ್ಟ ಮೊದಲ ಗೌರವ ಅದು. ಆ ರಾತ್ರಿಯೇ ಬರೆದು ಕುಟುಂಬದ ಗುಂಪಿಗೆ ಹಾಕಿದೆ. ಅದರ ಮುಖ್ಯ ಭಾಗ ಹೀಗಿತ್ತು:

"ಕುಟುಂಬದ ಸಮಸ್ತ ಸದಸ್ಯರ ಗಮನಕ್ಕೆ ಈ ಮೂಲಕ ತರಬಯಸುವುದೇನೆಂದರೆ, ವಿವಾಹ ಸಮಾರಂಭದ ಅಂಗವಾಗಿ ಕೆಳಕಾಣಿಸಿದ ಸದಸ್ಯರು ತಮಗೆ ವಹಿಸಲಾದ ಕರ್ತವ್ಯವನ್ನು ಚಾಚೂ ತಪ್ಪದೆ ನಿರ್ವಹಿಸತಕ್ಕದ್ದು. ಹೂವು – ಮುಧೋಳ ಕಾಕಾ – 5 ಗಂಟೆ. ಬನಹಟ್ಟಿ ಮಂದಿಯನ್ನು ಕರೆತರುವುದು – ಸ್ಟ್ಯಾಂಡಿಗೆ ಗಾಡಿ – 7 ಗಂಟೆ. ನಿಬ್ಬಣ ಎದುರುಗೊಳ್ಳುವುದು – ಹಿರಿಯರೆಲ್ಲರೂ. ಪಾರ್ಕಿಂಗ್ – ಬೀಳಗಿ ಮಾಮಾ – 9ರಿಂದ 2. ಬಡಿಸುವುದು – ಹುಡುಗರೆಲ್ಲರೂ. ತಪ್ಪಿದಲ್ಲಿ ಸಂಬಂಧಪಟ್ಟವರೇ ಹೊಣೆ."

ಇದಲ್ಲದೆ ಹಾಲು, ಐರಣಿ, ನೀರಿನ ಟ್ಯಾಂಕರು, ಟೋಪಿ-ಟವೆಲ್ಲಿನ ಸತ್ಕಾರ, ಚಪ್ಪಲಿ ಇಡುವ ಜಾಗ ಎಂದು ಇನ್ನೂ ಬಹಳ ಇತ್ತು. ನಮ್ಮಾಕಿ ಪೂರಾ ಓದಿ ಫೋನು ವಾಪಸು ಕೊಟ್ಟಳು. "ಲಗ್ನಕ್ಕ ಬರಬೇಕೋ, ಹಾಜರಿ ಹಾಕಬೇಕೋ ತಿಳೀವಲ್ದು" ಅಂದಳು. ಭಾಷೆಯ ಗಾಂಭೀರ್ಯ ಅವಳಿಗೆ ಅರ್ಥವಾಗಲಿಲ್ಲ ಎಂದುಕೊಂಡು ನೆಮ್ಮದಿಯಿಂದ ಮಲಗಿದೆ.

ಬೆಳಕು ಹರಿಯುವ ಮುಂಚೆ ಫೋನು ಬಾರಿಸಿತು. ಮುಧೋಳ ಕಾಕಾ. ಗದಾಯುದ್ಧ ಬರೆದ ರನ್ನನ ಊರಿನವರು ಅವರು. ಬೈಯಲು ಕೂತರೆ ಆಶ್ವಾಸಗಳಲ್ಲೇ ಬೈಯುತ್ತಾರೆ. "ತಮ್ಮಾ, ನನಗ ಸಮನ್ಸ್ ಕಳಿಸಿಯೇನು? ನಿರ್ವಹಿಸತಕ್ಕದ್ದು ಅಂದ್ರ ಏನೋ? ನಿಮ್ಮಪ್ಪನ ಲಗ್ನದಾಗ ಪಂಗ್ತಿ ಬಡಿಸಿದ ಮನಿಷ್ಯಾ ನಾ. ಬರೂದ ಬಿಟ್ರ ವಾರಂಟ್ ಹೊರಡಸ್ತಿ?" ಕಾಕಾ ಹೂವು ತರಲು ತಯಾರಿದ್ದರು, ಅದರ ಬಗ್ಗೆ ತಕರಾರು ಇರಲಿಲ್ಲ. ಎಂಬತ್ತರ ಹತ್ತಿರದ ಹಿರಿಯನಿಗೆ, ಯಾರೂ ಒಂದು ಮಾತು ಕೇಳದೆ, ಮೊಮ್ಮಕ್ಕಳೂ ಇರುವ ಗುಂಪಿನಲ್ಲಿ ಹೆಸರು ಹಾಕಿ ಆಜ್ಞೆ ಹೊರಡಿಸಿದ್ದೇ ತಕರಾರು. ನಮ್ಮ ಕಡೆ ಹಿರಿಯರಿಗೆ ಕೆಲಸ ಹೇಳುವ ಕ್ರಮ ಬೇರೆ. "ನೀವ ಮುಂದ ನಿಂತ ಮಾಡಸಬೇಕ್ರಿ" ಎಂದು ಮನೆಗೆ ಹೋಗಿಯೋ ಫೋನಿನಲ್ಲೋ ಕೇಳಬೇಕು. ಅವರು "ನಾ ಯಾಕ, ಹುಡುಗೂರು ಅದಾರಲ್ಲ" ಅನ್ನುತ್ತಾರೆ. ಮತ್ತೊಮ್ಮೆ ಕೇಳಿದರೆ ಒಪ್ಪುತ್ತಾರೆ. ಈ ಎರಡು ಸುತ್ತು ಮುಗಿಯದೆ ಬರೆದದ್ದೇನಿದ್ದರೂ ಅದು ಸಮನ್ಸೇ.

ಗಾಬರಿಯಲ್ಲಿ ಸಂದೇಶ ತಿದ್ದಲು ಹೋದೆ. ವಾಟ್ಸಾಪಿನಲ್ಲಿ ಕಳಿಸಿದ್ದನ್ನು ತಿದ್ದಲು ಹದಿನೈದು ನಿಮಿಷ ಮಾತ್ರ ಅವಕಾಶ. ನಾನು ಒಂದು ರಾತ್ರಿ ನಿದ್ದೆ ಮುಗಿಸಿದ್ದೆ. ಅಳಿಸಿಬಿಟ್ಟೆ. ಅಳಿಸಿದರೆ ಅಳಿಸಿದ್ದೇನೆ ಎಂದು ಅದು ಡಂಗುರ ಸಾರುತ್ತದೆ ಎನ್ನುವುದು ಆಗ ನೆನಪಾಯಿತು. "ಏನ್ ಅಳಿಸಿದ್ರಿ ಅಣ್ಣಾ?" ಎಂದು ಓದದವರೆಲ್ಲ ಕೇಳಿದರು, ಓದಿದವರು ಅದಾಗಲೇ ಬನಹಟ್ಟಿ, ರಬಕವಿ, ಬೀಳಗಿಯ ತಂತಮ್ಮ ಗುಂಪುಗಳಿಗೆ ಮುಂದೆ ಕಳಿಸಿದ್ದರು. ನನ್ನ ಗುಂಪಿನಲ್ಲಿ ಅಳಿಸಿದರೆ ಆ ಪ್ರತಿಗಳು ಅಳಿಯುವುದಿಲ್ಲ. ಆಮೇಲೆ "ತಿದ್ದುಪಡಿ 1" ಎಂದು ಒಂದು ಕಳಿಸಿದೆ. ಅದರಲ್ಲಿ ನೀರಿನ ಟ್ಯಾಂಕರು ಬಿಟ್ಟುಹೋಗಿತ್ತು, ಆದ್ದರಿಂದ "ತಿದ್ದುಪಡಿ 2". ಲಗ್ನದ ದಿನ ಕಾರ್ಯಾಲಯದಲ್ಲಿ ಮೂಲ ಪ್ರತಿಯ ಮಂದಿ ಒಂದು ಕಡೆ, ತಿದ್ದುಪಡಿಯ ಮಂದಿ ಇನ್ನೊಂದು ಕಡೆ ಫೋನು ತೋರಿಸುತ್ತಾ ವಾದಕ್ಕೆ ನಿಂತಿದ್ದರು. ಎರಡೂ ಕಡೆಯವರು ಓದುತ್ತಿದ್ದದ್ದು ನನ್ನದೇ ಬರಹ.

ಉದ್ದದ ಸಂದೇಶಕ್ಕೆ ಇನ್ನೊಂದು ರೋಗವಿದೆ. ಕೆಲವು ಸಾಲು ಆದ ಮೇಲೆ ಫೋನು ಉಳಿದದ್ದನ್ನು ಮಡಚಿ, 'ಇನ್ನಷ್ಟು ಓದಿ' ಎಂದು ಕೆಳಗೆ ಬರೆಯುತ್ತದೆ. ಅದನ್ನು ಒತ್ತುವವರು ಬಹಳ ಕಡಿಮೆ. ನಾನು ಮುನ್ನುಡಿಗೇ ಆ ಜಾಗವನ್ನೆಲ್ಲ ಖರ್ಚು ಮಾಡಿದ್ದರಿಂದ, ಹಾಲು ತರಬೇಕಾದ ತಮ್ಮನ ಹೆಸರು ಮಡಿಕೆಯ ಕೆಳಗೆ ಸೇರಿತ್ತು. ಅವನು ಮೇಲಿನದಷ್ಟು ಓದಿ, "ನಂದೇನೂ ಕೆಲಸ ಇಲ್ಲ, ಅಣ್ಣ ದೊಡ್ಡ ಮನಸ್ಸಿನಾಂವ" ಎಂದು ಹೆಬ್ಬೆರಳಿನ ಚಿತ್ರ ಒತ್ತಿದ. ನಾನು ಆ ಹೆಬ್ಬೆರಳು ನೋಡಿ ಹಾಲಿನ ಕೆಲಸ ಮುಗಿಯಿತು ಎಂದು ಗೆರೆ ಎಳೆದೆ. ಲಗ್ನದ ಮುಂಜಾನೆ ಸುಸಲಾದ ಜೊತೆ ಎಲ್ಲರೂ ಕರಿ ಚಹಾ ಕುಡಿದರು. ಗುಂಪಿನಲ್ಲಿ ಹೆಬ್ಬೆರಳು ಅಂದರೆ 'ನೋಡಿದೆ', ನೀಲಿ ಗೆರೆ ಅಂದರೆ 'ಫೋನು ತೆರೆದೆ'. 'ಮಾಡ್ತೀನಿ' ಅನ್ನುವುದಕ್ಕೆ ಇವೆರಡರಲ್ಲಿ ಯಾವುದೂ ಪುರಾವೆಯಲ್ಲ. ರಬಕವಿ ಭಾವ ಕೈ ಮುಗಿದ ಚಿತ್ರ ಕಳಿಸಿದ್ದರು. ನಾನು ವಿನಯ ಎಂದುಕೊಂಡೆ. "ನನ್ನ ಬಿಟ್ಟಬಿಡ್ರಿ ಅಂತ ಕೈ ಮುಗದಿದ್ನಿ" ಎಂದು ಅವರು ಆಮೇಲೆ ಹೇಳಿದರು.

ಬನಹಟ್ಟಿಯವರ ಕಥೆ ಬೇರೆಯೇ. ಅತ್ತಿಯ ಮನೆಯಲ್ಲಿ ವಿದ್ಯುತ್ ಮಗ್ಗಗಳಿವೆ. ಮಗ್ಗ ಓಡುವಾಗ ಆ ಶೆಡ್ಡಿನೊಳಗೆ ಪಕ್ಕದವನ ಮಾತು ಕೇಳುವುದಿಲ್ಲ, ಫೋನಿನ ಗಂಟೆ ದೂರದ ಮಾತು. ಧ್ವನಿ ಸಂದೇಶ ಕಳಿಸಿದರೆ ಕಿವಿಗೆ ಹಿಡಿದು "ಹಾಂ? ಹಾಂ?" ಎಂದು ಫೋನಿಗೇ ಕೇಳುತ್ತಾರೆ. ಅವರು ಸಂದೇಶ ಓದುವುದು ಕರೆಂಟು ಹೋದಾಗ. ಆ ವಾರ ನಮ್ಮ ದುರ್ದೈವಕ್ಕೆ ಕರೆಂಟು ಚೆನ್ನಾಗಿತ್ತು. ಲಗ್ನದ ಹಿಂದಿನ ಸಂಜೆ ಹೇಗೋ ಒಂದು ತಾಸು ಹೋಯಿತು, ಅವರು ಓದಿದರು, ಮುಂಜಾನೆ 7ಕ್ಕೆ ಹದಿನಾರು ಮಂದಿ ರೇಷ್ಮೆ ಸೀರೆ, ಧೋತರ ಉಟ್ಟು ಸ್ಟ್ಯಾಂಡಿನಲ್ಲಿ ನಿಂತರು. ನಮ್ಮ ಗಾಡಿಯೂ 7ಕ್ಕೆ ಸ್ಟ್ಯಾಂಡಿನಲ್ಲಿ ನಿಂತಿತು. ಗಾಡಿ ಇದ್ದದ್ದು ರಬಕವಿಯ ಸ್ಟ್ಯಾಂಡಿನಲ್ಲಿ. ಹೊರಗಿನವರಿಗೆ ರಬಕವಿ-ಬನಹಟ್ಟಿ ಒಂದೇ ಊರು, ನಗರಸಭೆಯೂ ಒಂದೇ, ಈಗ ತಾಲೂಕೂ ಒಂದೇ ಹೆಸರಿನದು. ಒಳಗಿನವರಿಗೆ ಅವು ಎರಡು ಊರು, ಸ್ಟ್ಯಾಂಡೂ ಬೇರೆ ಬೇರೆ. ನಾನು ಒಳಗಿನವನೇ, ಬರೆಯುವಾಗ ಮಾತ್ರ ಹೊರಗಿನವನಾಗಿದ್ದೆ. ಡ್ರೈವರು ಅಲ್ಲಿಂದ, ಅತ್ತಿ ಇಲ್ಲಿಂದ ಇಬ್ಬರೂ "ಸ್ಟ್ಯಾಂಡಿನ್ಯಾಗ ಅದೀವಿ" ಎಂದು ನನಗೆ ಫೋನು ಮಾಡಿದರು. ಇಬ್ಬರಿಗೂ "ಅಲ್ಲೇ ನಿಂದರ್ರಿ, ಬಂತು" ಎಂದೆ.

ಬೀಳಗಿ ಕಡೆಗೆ ಹೋದ ಗಾಡಿಯದು ಇದಕ್ಕಿಂತ ಘನವಾದ ಪ್ರಸಂಗ. ಅಲ್ಲಿ ನಮ್ಮ ಸಂಬಂಧಿಕರ ಹಳ್ಳಿ ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದ ಊರುಗಳಲ್ಲಿ ಒಂದು. ಮಂದಿ ಪುನರ್ವಸತಿ ಕೇಂದ್ರಕ್ಕೆ ಬಂದು ವರ್ಷಗಳೇ ಆದವು, ಊರಿನ ಹೆಸರನ್ನು ಮಾತ್ರ ಜೊತೆಗೇ ತಂದಿದ್ದಾರೆ. ನಾನು ಸಂದೇಶದಲ್ಲಿ "ಊರ ಅಗಸಿ ಹತ್ತಿರ" ಎಂದು ಬರೆದಿದ್ದೆ. ಹಿರಿಯರ ಬಾಯಲ್ಲಿ ಈಗಲೂ ಆ ಮಾತು ಬರುತ್ತದೆ, ನನ್ನ ಕೈಯಲ್ಲೂ ಬಂತು. ಡ್ರೈವರು ಪುಣೆಯಿಂದ ಬಂದ ಅಳಿಯ. ಅವನು ದಾರಿಯಲ್ಲಿ ಸಿಕ್ಕ ಮುದುಕರನ್ನು ಅಗಸಿ ಎಲ್ಲಿ ಎಂದು ಕೇಳಿದ. ಅವರು ಪ್ರಾಮಾಣಿಕವಾಗಿ ಅಗಸಿಯ ದಾರಿಯನ್ನೇ ತೋರಿಸಿದರು. ನವೆಂಬರಿನಲ್ಲಿ ಹಿನ್ನೀರು ತುಂಬಿರುತ್ತದೆ. ಡಾಂಬರು ನೇರವಾಗಿ ನೀರಿಗೆ ಇಳಿಯುವ ಜಾಗದಲ್ಲಿ ಗಾಡಿ ನಿಲ್ಲಿಸಿ ಅವನು ನನಗೆ ಒಂದು ಫೋಟೊ ಕಳಿಸಿದ. ಕೆಳಗೆ ಬರೆದಿದ್ದ: "ಮಾಮಾರ, ಇಲ್ಲಿಂದ ಮುಂದ ದೋಣಿ ಹೇಳೀರೇನು?"

ಹೂವಿನ ಸಮಾಚಾರ ಒಂದೇ ಮಾತಿನಲ್ಲಿ ಮುಗಿಯುತ್ತದೆ. ಸಿಟ್ಟು ಇಳಿದ ಮೇಲೆ ಕಾಕಾ ಬರೆದದ್ದನ್ನು ಚಾಚೂ ತಪ್ಪದೆ ಪಾಲಿಸಿದರು: ಹಿಂದಿನ ದಿನ ಸಂಜೆ 5 ಗಂಟೆಗೆ ಗುಲಾಬಿ ಹಾರ ತಂದು ಒಪ್ಪಿಸಿದರು. ನಾನು ಬರೆದದ್ದು 5 ಅಷ್ಟೇ. ಮುಂಜಾನೆ ಎಂದಿರಲಿಲ್ಲ, ದಿನವೂ ಇರಲಿಲ್ಲ. ಮರುದಿನ ಮಧ್ಯಾಹ್ನ ಮದುಮಗ ಮದುಮಗಳು ಹಾಕಿಕೊಂಡದ್ದು ದಾರ.

ನಿಬ್ಬಣ 9.30ಕ್ಕೆ ಬರಬೇಕಿತ್ತು. ಮುಧೋಳದಿಂದ ಜಮಖಂಡಿಗೆ ಕಾರಿನಲ್ಲಿ ಮುಕ್ಕಾಲು ತಾಸಿನ ದಾರಿ. ಕಾಗದದ ಮೇಲೆ ಲೆಕ್ಕ ಹಾಕಿದರೆ ಹಾಗೆ. ನವೆಂಬರ್ ಅಂದರೆ ಸಕ್ಕರೆ ಕಾರ್ಖಾನೆಗಳು ಕಬ್ಬು ಅರೆಯಲು ಶುರು ಮಾಡುವ ತಿಂಗಳು. ಎರಡೆರಡು ಟ್ರೇಲರು ಕಟ್ಟಿಕೊಂಡ ಟ್ರ್ಯಾಕ್ಟರುಗಳು ರಸ್ತೆ ತುಂಬ. ಒಂದನ್ನು ದಾಟುವಷ್ಟರಲ್ಲಿ ಮುಂದೆ ಇನ್ನೊಂದು, ಅದರ ಡೆಕ್ಕಿನಲ್ಲಿ ಹಾಡು ಬೇರೆ. ಈ ಭಾಗದಲ್ಲಿ ಲಗ್ನದ ಹಂಗಾಮೂ ಕಬ್ಬಿನ ಹಂಗಾಮೂ ಒಂದೇ ಕಾಲಕ್ಕೆ ಬರುತ್ತವೆ, ಹಾಗಾಗಿ ನವೆಂಬರಿನಿಂದ ಮಾರ್ಚಿನ ತನಕ ಯಾವ ಪ್ರಯಾಣಕ್ಕೂ ಅರ್ಧ ತಾಸು ಕಬ್ಬಿನ ಬಾಬ್ತು ಸೇರಿಸಬೇಕು. ನಾನು ಸೇರಿಸಿರಲಿಲ್ಲ. ನಿಬ್ಬಣ ಬಂದದ್ದು 10.20ಕ್ಕೆ.

ತಡವಾದದ್ದು ಒಳ್ಳೆಯದೇ ಆಯಿತು ಎಂದುಕೊಳ್ಳುವಂತೆಯೂ ಇರಲಿಲ್ಲ. ಎದುರುಗೊಳ್ಳಲು ಬಾಗಿಲಲ್ಲಿ ಯಾರೂ ಇರಲಿಲ್ಲ. "ಹಿರಿಯರೆಲ್ಲರೂ" ಎಂದು ಬರೆದಿದ್ದೆನಲ್ಲ, ಪ್ರತಿಯೊಬ್ಬ ಹಿರಿಯರೂ ಉಳಿದ ಹಿರಿಯರು ಬಾಗಿಲಲ್ಲಿದ್ದಾರೆ ಎಂಬ ನಂಬಿಕೆಯಲ್ಲಿ ಒಳಗೆ ಎರಡನೆಯ ಸಲ ಸುಸಲಾ ಹಾಕಿಸಿಕೊಳ್ಳುತ್ತಿದ್ದರು. ಬಾಜಾದವರು ಹೊರಗೆ ಬಾರಿಸಿ ಬಾರಿಸಿ ದಣಿದು ನಿಲ್ಲಿಸಿದರು. ನೀರು, ಆರತಿ ಇಲ್ಲದೆ ಬೀಗರು ಹೊಸ್ತಿಲು ದಾಟುವುದಿಲ್ಲ. ಅವರ ಕಡೆಯ ಹಿರಿಯರೊಬ್ಬರು ಪಟಕಾ ಸರಿಮಾಡಿಕೊಂಡು, "ಹುಡಗೀ ಮನಿಯವ್ರು ಬಂದಾರೋ, ನಾವ ಮದಲ ಬಂದೀವೋ?" ಎಂದರು. ನಾನು ಓಡಿದೆ. ಆರತಿ ತಟ್ಟೆ ಯಾರ ಬಳಿ ಇದೆ ಎಂದು ನೋಡಲು ಫೋನು ತೆಗೆದೆ. 'ಇನ್ನಷ್ಟು ಓದಿ' ಎಂದಿತು.

ಬಡಿಸುವ ವಿಷಯಕ್ಕೆ ಬಂದರೆ, ಅದರಲ್ಲಿ ಲೆಕ್ಕವೇ ಎಲ್ಲ, ಮತ್ತು ಆ ಲೆಕ್ಕ ನನಗೆ ಆಮೇಲೆ ಅಡಿಗೆಯವರು ಹೇಳಿಕೊಟ್ಟರು. ಆ ಊಟದ ಹಾಲಿನಲ್ಲಿ ಎಡಕ್ಕೆ ನೂರು, ಬಲಕ್ಕೆ ನೂರು ಎಲೆ ಬೀಳುತ್ತವೆ. ಒಂದು ಪಂಗ್ತಿ ಕೂತು ಉಂಡು ಏಳಲು ಇಪ್ಪತ್ತೈದು ನಿಮಿಷ, ಎಲೆ ಎತ್ತಿ ಒರೆಸಿ ಮತ್ತೆ ಹಾಸಲು ಹದಿನೈದು. ನಲವತ್ತು ನಿಮಿಷಕ್ಕೆ ಇನ್ನೂರು ಮಂದಿ ಎಂದರೆ ಒಂಬೈನೂರಕ್ಕೆ ಐದು ಪಂಗ್ತಿ, ಮೂರೂಕಾಲು ತಾಸಿನ ಮೇಲೆ ಸ್ವಲ್ಪ. ಇದು ನಡೆಯಬೇಕಾದರೆ ಒಂದೊಂದು ಬದಿಗೆ ಹತ್ತು ಹುಡುಗರು ಬೇಕು: ನೀರಿಗೆ ಇಬ್ಬರು, ಉಪ್ಪು-ಶೇಂಗಾ ಹಿಂಡಿ-ಕೋಸಂಬರಿಗೆ ಒಬ್ಬ, ಬದನೆಕಾಯಿ ಪಲ್ಯಕ್ಕೆ ಒಬ್ಬ, ಚಪಾತಿಗೆ ಇಬ್ಬರು, ಗೋಧಿ ಹುಗ್ಗಿಗೆ ಒಬ್ಬ, ಅವನ ಬೆನ್ನಿಗೇ ತುಪ್ಪದವನು, ಅನ್ನಕ್ಕೆ ಒಬ್ಬ, ಸಾರಿಗೆ ಒಬ್ಬ. ಹುಗ್ಗಿಯವನಿಗೂ ತುಪ್ಪದವನಿಗೂ ನಡುವೆ ಹತ್ತು ಎಲೆಗಿಂತ ಹೆಚ್ಚು ಅಂತರ ಬೀಳಬಾರದು. ಬಿದ್ದರೆ ಉಣ್ಣುವವರು ಕೈ ಎತ್ತಿ ಕೂಡ್ರುತ್ತಾರೆ, ಪಂಗ್ತಿ ಅಲ್ಲೇ ನಿಲ್ಲುತ್ತದೆ.

ಇಪ್ಪತ್ತು ಹುಡುಗರು ಬೇಕಿದ್ದ ಜಾಗಕ್ಕೆ ನಾನು "ಹುಡುಗರೆಲ್ಲರೂ" ಎಂದು ಬರೆದಿದ್ದೆ. ಹುಡುಗರೆಲ್ಲರೂ ಆ ಹೊತ್ತಿಗೆ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಕೈಗೆ ಸಿಕ್ಕ ಒಂಬತ್ತು ಮಂದಿಯಲ್ಲಿ ಒಂದೇ ಬದಿ ನಡೆಸಿದೆವು. ಹತ್ತನೆಯವನಾಗಿ ಸಾರಿನ ಬಕೀಟು ನಾನು ಹಿಡಿದೆ. ಒಂದೇ ಬದಿ ಅಂದರೆ ಒಂಬತ್ತು ಪಂಗ್ತಿ, ಆರು ತಾಸು. ಸಾರು ಬಡಿಸುವವನಿಗೆ ಒಂದು ಅನುಕೂಲವಿದೆ. ಮಂದಿ ತಲೆ ಎತ್ತಿ ಮುಖ ನೋಡುವುದಿಲ್ಲ, ಬೈಯುವುದು ಬಕೀಟಿಗೆ. "ಯಾರಪಾ ಇದನ್ನ ಬರದಾಂವ?" ಎಂದು ಒಬ್ಬರು ಕೇಳಿದರು. "ಯಾರೋ ಕಚೇರಿಯವನಂತ್ರಿ" ಎಂದು ಮುಂದಿನ ಎಲೆಗೆ ಸರಿದೆ. ಕೊನೆಯ ಪಂಗ್ತಿ ಏಳುವಾಗ ಲೈಟು ಹಚ್ಚಿದ್ದರು.

ಇಷ್ಟಕ್ಕೇ ನಿಂತಿದ್ದರೆ ಮನೆಯವರು ಮರೆಯುತ್ತಿದ್ದರು. ಮರೆಯದಂತೆ ಮಾಡಿದ್ದು ಬೀಳಗಿ ಮಾಮಾ.

ನಮಗೆ ಬೀಳಗಿ ಮಾಮಾ ಇಬ್ಬರು. ಒಬ್ಬ ನಮ್ಮಾಕಿಯ ತಮ್ಮ, ನಮ್ಮ ಮಕ್ಕಳಿಗೆ ಬೀಳಗಿ ಮಾಮಾ. ಬುಲೆಟ್ಟಿನ ಮೇಲೆ ಬರುವ, ಸಿಳ್ಳೆ ಹೊಡೆದು ಹತ್ತು ಗಾಡಿ ಹಿಂದೆ ಸರಿಸುವ ಹುಡುಗ. ಪಾರ್ಕಿಂಗ್ ನಾನು ಬರೆದದ್ದು ಅವನಿಗೆ. ಇನ್ನೊಬ್ಬರು ಅತ್ತಿಗೆಯ ಅಣ್ಣ, ಅಂದರೆ ಮದುಮಗಳ ಖಾಸಾ ಸೋದರಮಾವ. ಅವಳಿಗೆ ಬೀಳಗಿ ಮಾಮಾ ಎಂದರೆ ಅವರು. ನಮ್ಮ ಮನೆತನದ ರೂಢಿಯಲ್ಲಿ ಸೋದರಮಾವನೇ ಹುಡುಗಿಯನ್ನು ಕರೆತಂದು ಹಂದರದಲ್ಲಿ ನಿಲ್ಲಿಸಬೇಕು, ಅಕ್ಕಿಕಾಳು ಬೀಳುವಾಗ ಅವಳ ಹಿಂದೆ ನಿಲ್ಲಬೇಕು. ಇಡೀ ಲಗ್ನದಲ್ಲಿ ಅಪ್ಪನಿಗಿಂತ ಒಂದು ಗುಲಗಂಜಿ ಹೆಚ್ಚಿನ ಮಾನ ಅವರದು. ಬುಲೆಟ್ ಹುಡುಗ 'ಬೀಳಗಿ ಮಾಮಾ' ಎಂದರೆ ಸೋದರಮಾವ ಎಂದು ತಿಳಿದು ಫೋಟೊಕ್ಕೆ ಹೋದ. ಸೋದರಮಾವ 'ಬೀಳಗಿ ಮಾಮಾ' ಎಂದರೆ ತಾವೇ ಎಂದು ತಿಳಿದರು. ತಿಳಿದು, ಒಂದು ಮಾತನ್ನೂ ಆಡಲಿಲ್ಲ. ಮುಂಜಾನೆ 9ಕ್ಕೆ ಸರಿಯಾಗಿ, ರೇಷ್ಮೆ ಪಟಕಾ ಸುತ್ತಿಕೊಂಡು, ಕೈಯಲ್ಲಿ ಒಂದು ಸಿಳ್ಳೆ ಹಿಡಿದು ಕಾರ್ಯಾಲಯದ ಹೊರಗೆ ಬಿಸಿಲಲ್ಲಿ ನಿಂತರು.

ಗಾಡಿಗಳನ್ನು ಅವರು ಅಚ್ಚುಕಟ್ಟಾಗಿ ನಿಲ್ಲಿಸಿದರು ಎಂದು ಎಲ್ಲರೂ ಒಪ್ಪುತ್ತಾರೆ. ಆ ದಿನ ಸರಿಯಾಗಿ ನಡೆದ ಕೆಲಸ ಅದೊಂದೇ.

12.15ಕ್ಕೆ ಅಯ್ಯನವರು ಮೈಕಿನಲ್ಲಿ "ಸೋದರಮಾವ ಬರಬೇಕು" ಎಂದರು. 12.20ಕ್ಕೆ ಮತ್ತೆ ಎಂದರು. ಅತ್ತಿಗೆಯ ಮುಖ ಸಣ್ಣದಾಯಿತು. ಹುಡುಕಿಕೊಂಡು ಹೋದವರಲ್ಲಿ ನಾನೇ ಮುಂದಿನವನು. ಮಾಮಾ ಒಂದು ಟೆಂಪೋವನ್ನು ಹಿಂದಕ್ಕೆ ತೆಗೆಸುತ್ತಿದ್ದರು.

"ಮಾಮಾರ, ಅಕ್ಕಿಕಾಳು ಆಗೂ ಹೊತ್ತಾತ್ರಿ, ನಡೀರಿ."

"ಹೆಂಗ ಬರ್ಲಿ? ನಂದ ಡ್ಯೂಟಿ ಎರಡರ ತನಕ ಐತಿ." ಸಿಳ್ಳೆ ಊದಿ ಟೆಂಪೋ ನಿಲ್ಲಿಸಿದರು. "ಬಿಟ್ಟ ಬಂದ್ರ ಸಂಬಂಧಪಟ್ಟವರ ಹೊಣೆ ಅಂತ ಬರದೀರಿ. ನನಗ ಆ ಹೊಣೆ ಯಾಕ ಬೇಕ್ರಿ?"

"ಅದು ನಿಮಗಲ್ರೀ ಮಾಮಾ, ಇನ್ನೊಬ್ಬ ಬೀಳಗಿ ಮಾಮಾಗ."

"ಹಂಗಾದ್ರ ನಾ ಬೀಳಗಿ ಮಾಮಾ ಅಲ್ಲೇನು?"

ಈ ಪ್ರಶ್ನೆಗೆ ಯಾವ ಕಡೆಯಿಂದ ಉತ್ತರ ಕೊಟ್ಟರೂ ಕೆಡುತ್ತದೆ. ಕಾಲು ಹಿಡಿದೆ. ಅಣ್ಣ ಬಂದ, ಅವನೂ ಬಗ್ಗಿದ. ಮದುಮಗಳೇ ಬಾಸಿಂಗ ಕಟ್ಟಿಕೊಂಡು ಬಾಗಿಲಿಗೆ ಬಂದು "ಮಾಮಾ" ಎಂದ ಮೇಲೆ ಸಿಳ್ಳೆ ಜೇಬಿಗೆ ಹೋಯಿತು. ಅಕ್ಕಿಕಾಳು ಬಿದ್ದದ್ದು 12.50ಕ್ಕೆ. ಮುಹೂರ್ತ ಮೀರಿತೇ ಎಂದು ಬೀಗರು ಕೇಳಿದರು. ಅಯ್ಯನವರು ದೊಡ್ಡ ಮನುಷ್ಯರು, "ಶುಭ ಗಳಿಗಿ ಇನ್ನೂ ಐತ್ರಿ" ಅಂದರು.

ಮರುವರ್ಷ ಅಣ್ಣನ ಮಗನ ಲಗ್ನ. ಈ ಸಲವೂ ಬರೆದದ್ದು ನಾನೇ, ಅಂದರೆ ಬೆರಳು ನನ್ನದು. ಮಾತು ನಮ್ಮಾಕಿಯದು. ಮೊದಲು ಅವಳು ನನ್ನನ್ನು ಕೂಡ್ರಿಸಿ ಹಿರಿಯರಿಗೆಲ್ಲ ಫೋನು ಮಾಡಿಸಿದಳು, ಬೀಳಗಿಗೆ ಎಲ್ಲರಿಗಿಂತ ಮೊದಲು. ಬನಹಟ್ಟಿಗೆ ರಾತ್ರಿ ಮಗ್ಗ ನಿಂತ ಮೇಲೆ. ಒಪ್ಪಿಗೆ ಬಾಯಿಂದ ಬಂದ ಮೇಲೆ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಒಂದು ಚಿಕ್ಕ ಸಂದೇಶ. ಮುಧೋಳ ಕಾಕಾನಿಗೆ ಹೋದದ್ದು ಇದು:

"ಕಾಕಾ, ಶರಣ್ರಿ. ಫೋನಿನ್ಯಾಗ ಮಾತಾಡಿದಂಗ, ನಾಳೆ ಮಂಗಳವಾರ ಮುಂಜಾನೆ 6 ಗಂಟೆಗೆ ನಿಮ್ಮ ಮನಿ ಬಾಗಿಲಿಗೆ ತಮ್ಮ ಗಾಡಿ ತರ್ತಾನ. ಹೂವಿನ ಅಂಗಡಿಯೊಳಗ ದೊಡ್ಡ ಹಾರ 2, ಸಣ್ಣ ಹಾರ 6, ಬಿಡಿ ಹೂವು 1 ಬುಟ್ಟಿ. ಲೆಕ್ಕ ನೀವು ನೋಡ್ರಿ, ಹೊರೂದು ಅಂವ ಹೊರ್ತಾನ. ರೊಕ್ಕ ಕೊಟ್ಟಾಗೇತಿ. 7.30ರ ಒಳಗ ಕಾರ್ಯಾಲಯದ ಹಿಂದಿನ ಖೋಲಿಯೊಳಗ ದೊಡ್ಡವ್ವನ ಕೈಯಾಗ ಮುಟ್ಟಿದ್ರ ನಿಮ್ಮ ಕೆಲಸ ಮುಗೀತು, ಆಮ್ಯಾಲ ನಾಷ್ಟಾ ಮಾಡಿ ಮುಂದ ಕೂಡ್ರಿ. ಬರಾಕ ಆಗದಿದ್ರ ಇವತ್ತ ರಾತ್ರಿ 9ರ ಒಳಗ ನನಗ ಒಂದ ಫೋನ್ ಹಚ್ರಿ."

ಇದರಲ್ಲಿ ನನ್ನ ಹಳೆಯ ಸಂದೇಶದಲ್ಲಿದ್ದ ಒಂದು ಪದವೂ ಇಲ್ಲ ಎಂದು ನಾನು ಗೊಣಗಿದೆ. ನಮ್ಮಾಕಿ ಬಿಡಿಸಿ ಹೇಳಿದಳು. ವಾರದ ಹೆಸರು, ಮುಂಜಾನೆ ಎನ್ನುವ ಮಾತು ಎರಡೂ ಇರಬೇಕು. ಕೊಡುವ ವೇಳೆ ಕೆಲಸ ಶುರುವಾಗುವುದಲ್ಲ, ಅವರು ಮನೆ ಬಿಡುವುದು. ವಸ್ತು ಎಷ್ಟು, ರೊಕ್ಕ ಯಾರದು ಎಂದು ಕೇಳಲು ಹಿರಿಯರು ಸಂಕೋಚ ಪಡುತ್ತಾರೆ, ನಾವೇ ಹೇಳಬೇಕು. ಯಾರ ಕೈಗೆ ಒಪ್ಪಿಸಿದರೆ ಕೆಲಸ ಮುಗಿಯಿತು ಎಂದು ಗೊತ್ತಾಗಬೇಕು, ಇಲ್ಲದಿದ್ದರೆ ಹಾರ ಹಿಡಿದುಕೊಂಡು ಅರ್ಧ ದಿನ ತಿರುಗುತ್ತಾರೆ. ಬರಲು ಆಗದಿದ್ದರೆ ಹೇಳಲು ಮಾನ ಉಳಿಸುವ ಒಂದು ದಾರಿ, ಅದಕ್ಕೊಂದು ವೇಳೆ. ಹಿರಿಯರಿಗೆ ಯಜಮಾನಿಕೆ, ಹೊರುವುದಕ್ಕೆ ಜೊತೆಗೊಬ್ಬ ಹುಡುಗ. "ನೀವ ಬರದದ್ದರಾಗ ಕೆಲಸ ಇತ್ತು, ಮನಿಷ್ಯಾ ಇರ್ಲಿಲ್ಲ" ಎಂದು ಮುಗಿಸಿದಳು.

ಕುಟುಂಬದ ಗುಂಪಿಗೆ ಹೋದದ್ದು ಮಡಿಕೆ ಬೀಳದ ಐದು ಸಾಲು ಮಾತ್ರ: ಅಕ್ಕಿಕಾಳಿನ ವೇಳೆ, ಕಾರ್ಯಾಲಯದ ಜಾಗ, ನಾಷ್ಟಾ ಎಷ್ಟಕ್ಕೆ, ಗಾಡಿ ಬನಹಟ್ಟಿಯ ಸ್ಟ್ಯಾಂಡಿನಿಂದ ಮುಂಜಾನೆ 7ಕ್ಕೆ, ಏನೇ ಕೇಳುವುದಿದ್ದರೂ ಫೋನು ಮಾಡಬೇಕಾದ ಒಬ್ಬರ ಹೆಸರು. ಆ ಹೆಸರು ನನ್ನದಲ್ಲ. ಬಡಿಸುವ ಇಪ್ಪತ್ತು ಹುಡುಗರಿಗೆ ಬೇರೆ ಗುಂಪು, ಒಬ್ಬೊಬ್ಬನ ಹೆಸರಿನ ಮುಂದೆ ಬದಿ ಮತ್ತು ಬಕೀಟು, ಓದಿದ ಮೇಲೆ ತಂತಮ್ಮ ಹೆಸರು ಬರೆದು 'ಬರ್ತೀನಿ' ಎನ್ನಬೇಕು, ಹೆಬ್ಬೆರಳು ನಡೆಯುವುದಿಲ್ಲ. ಆಹೇರಿ ಬರೆಯುವವರು ಯಾರು, ರೊಕ್ಕದ ಚೀಲ ಯಾರ ಕೈಯಲ್ಲಿ ಎಂಬುದು ಯಾವ ಗುಂಪಿಗೂ ಹೋಗಲಿಲ್ಲ. ಅದನ್ನು ಅಣ್ಣ ಆ ಇಬ್ಬರಿಗೆ ಕಿವಿಯಲ್ಲಿ ಹೇಳಿದ. ಡ್ರೈವರುಗಳು, ಬಾಜಾದವರು, ಸಣ್ಣ ಮಕ್ಕಳಿಗೆ ಅಕ್ಕಿಕಾಳಿಗೆ ಮುಂಚೆಯೇ 11.30ಕ್ಕೆ ಒಂದು ಪಂಗ್ತಿ ಎತ್ತಿದೆವು, ಆಮೇಲಿನದು ಹಗುರಾಯಿತು. ಪಾರ್ಕಿಂಗಿಗೆ ಬುಲೆಟ್ ಹುಡುಗನ ಪೂರ್ತಿ ಹೆಸರು, ಅಡ್ಡಹೆಸರು, ಅಪ್ಪನ ಹೆಸರು.

ಎಲ್ಲವೂ ನೆಟ್ಟಗೆ ನಡೆಯಿತು ಎನ್ನಲಾರೆ. ಕಬ್ಬಿನ ಟ್ರ್ಯಾಕ್ಟರುಗಳಿಗೆ ಯಾರೂ ಸಂದೇಶ ಕಳಿಸಿರಲಿಲ್ಲ. ಆದರೆ ಊಟ ನಾಲ್ಕರೊಳಗೆ ಮುಗಿಯಿತು, ಚಹಾದಲ್ಲಿ ಹಾಲಿತ್ತು. ಮಾಮಾ ಜೇಬಿನಲ್ಲಿ ಸಿಳ್ಳೆ ಇಟ್ಟುಕೊಂಡೇ ಬಂದಿದ್ದರು, ನನ್ನನ್ನು ಕಂಡಾಗಲೆಲ್ಲ ಅದನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದರು. ಊದಲಿಲ್ಲ.

ಇನ್ನೊಂದು ವಿಷಯ ಓದುಗರಿಗೆ ಹೇಳಬೇಕು. ನನ್ನ ಆ ಮೊದಲ ಸಂದೇಶ ಇನ್ನೂ ಸತ್ತಿಲ್ಲ. ಮುಂದೆ ಕಳಿಸಿದ್ದನ್ನೇ ಮತ್ತೆ ಮುಂದೆ ಕಳಿಸಿ, ಮೇಲಿನ ದಿನಾಂಕ ಉದುರಿ, ಅದು ಈಗ ಯಾರದೋ ಲಗ್ನದ ಗುಂಪುಗಳಲ್ಲಿ ತಿರುಗುತ್ತಿದೆ. ಮೊನ್ನೆ ತೇರದಾಳದ ಪರಿಚಯದವರೊಬ್ಬರು "ಮಾದರಿಗೆ ಚಲೋ ಐತ್ರಿ" ಎಂದು ಅದನ್ನು ನನಗೇ ಕಳಿಸಿದರು. "ಪಾರ್ಕಿಂಗ್ – ಬೀಳಗಿ ಮಾಮಾ – 9ರಿಂದ 2" ಎಂಬ ಸಾಲಿರುವ ಸಂದೇಶ ನಿಮ್ಮ ಫೋನಿಗೂ ಬಂದರೆ ದಯವಿಟ್ಟು ಮುಂದೆ ಕಳಿಸಬೇಡಿ, ಮತ್ತು ಬೀಳಗಿಯಲ್ಲಿ ನಿಮಗೆ ಮಾಮಾ ಇದ್ದರೆ ಅವರು ಓದುವ ಮುಂಚೆ ಒಂದು ಫೋನು ಮಾಡಿ. ಆ ಲಗ್ನ ಮುಗಿದಿದೆ.